ಮೂರು ಆಲ್ಗೋ, ಒಂದೇ ಖಾತೆ: ಯಾವುದು ನಿಜಕ್ಕೂ ದುಡಿಯುತ್ತಿದೆ ಎಂದು ಟ್ರೇಡ್ ಜರ್ನಲ್‌ನಿಂದ ತಿಳಿಯುವುದು ಹೇಗೆ?

ಒಂದೇ ಟ್ರೇಡಿಂಗ್ ಖಾತೆಯಲ್ಲಿ ಎರಡು ಮೂರು ಆಲ್ಗೋ ಓಡಿಸುವವರಿಗೆ ಬ್ರೋಕರ್ ತೋರಿಸುವುದು ಒಂದೇ ಮೊತ್ತ. ಇಷ್ಟು ಲಾಭ, ಇಷ್ಟು ಚಾರ್ಜು, ಅಷ್ಟೇ. ಆ ಲಾಭವನ್ನು ಯಾವ ಸ್ಟ್ರಾಟಜಿ ತಂದಿತು, ಯಾವುದು ಬೇರೆಯದರ ದುಡಿಮೆಯಲ್ಲಿ ಸುಮ್ನೆ ಕೂತು ತಿಂದಿತು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಅದನ್ನು ನಿಮ್ಮ ಜರ್ನಲ್‌ನಿಂದ ನೀವೇ ಬಿಡಿಸಬೇಕು. ಈ ಬಿಡಿಸುವ ಕೆಲಸ ಇಲ್ಲಿ ಹಂತ ಹಂತವಾಗಿದೆ.

ಉದಾಹರಣೆಗೆ ನಿಫ್ಟಿಯ ಮೂರು ಸ್ಟ್ರಾಟಜಿಗಳನ್ನು ಇಟ್ಟುಕೊಳ್ಳೋಣ. ಮೂರೂ ಒಂದೊಂದು ಲಾಟ್, ಅಂದರೆ 2025ರಲ್ಲಿದ್ದ 75ರ ಲಾಟ್. ಮೊದಲನೆಯದು ಟ್ರೆಂಡ್: ನಿಫ್ಟಿ ಫ್ಯೂಚರ್ಸ್ ಕೊಂಡು ದಿನಗಟ್ಟಲೆ ಇಟ್ಟುಕೊಳ್ಳುತ್ತದೆ, ಟ್ರೆಂಡ್ ಮುರಿದರೆ ಹೊರಗೆ ಬರುತ್ತದೆ, ಶಾರ್ಟ್ ಮಾಡುವುದಿಲ್ಲ. ಎರಡನೆಯದು ಸ್ಟ್ರಾಡಲ್: ಬೆಳಿಗ್ಗೆ 9:20ಕ್ಕೆ ಎಟಿಎಂ ಕಾಲ್ ಮತ್ತು ಪುಟ್ ಎರಡನ್ನೂ ಮಾರಿ, ಸ್ಟಾಪ್‌ಲಾಸ್ ಹಾಕಿ, ಸಂಜೆ 3:15ಕ್ಕೆ ಮುಚ್ಚುತ್ತದೆ. ಮೂರನೆಯದು ಬ್ರೇಕ್‌ಔಟ್: ಬೆಳಗಿನ ರೇಂಜ್ ಒಡೆದ ಕಡೆಗೆ ಫ್ಯೂಚರ್ಸ್ ಕೊಂಡು ಅಥವಾ ಮಾರಿ ಅದೇ ದಿನ ಮುಚ್ಚುತ್ತದೆ. ಅವಧಿ 2025ರ ಏಪ್ರಿಲ್‌ನಿಂದ ಡಿಸೆಂಬರ್. ಚಾರ್ಜುಗಳು ಆಗಿನ ನಿಜವಾದ ದರಗಳು. ಲಾಭ-ನಷ್ಟದ ಅಂಕಿಗಳು ಮಾತ್ರ ವಿಧಾನ ತೋರಿಸಲು ಕಟ್ಟಿದ ಮಾದರಿ.

ಹಂತ 1: ಪ್ರತಿ ಆರ್ಡರ್‌ಗೂ ಹುಟ್ಟುವಾಗಲೇ ಹೆಸರು

ಜರ್ನಲ್‌ನಲ್ಲಿ ಬೇಕಾದ ಕಾಲಂಗಳು ಜಾಸ್ತಿ ಏನಿಲ್ಲ: `date`, `time`, `symbol`, `side`, `qty`, `price`, `order_id`, `strategy`, `signal_price`. ಇವುಗಳಲ್ಲಿ ಕೊನೆಯ ಎರಡನ್ನು ಬ್ರೋಕರ್ ಕೊಡುವುದಿಲ್ಲ. ಅವನ್ನು ನಿಮ್ಮ ಪ್ರೋಗ್ರಾಮೇ ಆರ್ಡರ್ ಕಳಿಸುವ ಕ್ಷಣದಲ್ಲಿ ಬರೆದಿಡಬೇಕು.

ಹಲವು ಬ್ರೋಕರ್‌ಗಳ ಎಪಿಐಯಲ್ಲಿ ಆರ್ಡರ್ ಜೊತೆ `tag` ಕಳಿಸಬಹುದು. ಕೈಟ್ ಕನೆಕ್ಟ್‌ನಲ್ಲಿ ಅದಕ್ಕೆ 20 ಅಕ್ಷರದ ಮಿತಿ ಇದೆ. ಕಳಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಎಪಿಐ ಕೊಡುವ ಆರ್ಡರ್ ಪಟ್ಟಿ ಸಾಮಾನ್ಯವಾಗಿ ಆ ದಿನದ್ದು ಮಾತ್ರ. ಮೂರು ತಿಂಗಳಾದ ಮೇಲೆ ಟ್ರೇಡ್‌ಬುಕ್ ಡೌನ್‌ಲೋಡ್ ಮಾಡಿದರೆ `order_id` ಸಿಗುತ್ತದೆ, ಟ್ಯಾಗ್ ಸಿಗುತ್ತದೆ ಎಂಬ ಭರವಸೆ ಇಲ್ಲ. ಹಾಗಾಗಿ ಯಾವ `order_id` ಯಾವ ಸ್ಟ್ರಾಟಜಿಯದು ಎಂಬ ಜೋಡಿಯನ್ನು ದಿನವೂ ನಿಮ್ಮದೇ ಫೈಲ್‌ಗೆ ಬರೆದುಕೊಳ್ಳಿ. ಸೆಬಿ 2025ರ ಫೆಬ್ರವರಿಯ ಸುತ್ತೋಲೆಯಲ್ಲಿ ಆಲ್ಗೋ ಆರ್ಡರ್‌ಗಳಿಗೆ ಎಕ್ಸ್‌ಚೇಂಜ್ ಗುರುತು ಬೇಕು ಎಂದಿತು. ಆ ಗುರುತು ಎಕ್ಸ್‌ಚೇಂಜ್‌ನ ನಿಗಾಕ್ಕೆ ಇರುವುದು. ನಿಮ್ಮ ಮೂರು ಸ್ಟ್ರಾಟಜಿಗಳನ್ನು ನಿಮಗಾಗಿ ಬೇರೆ ಮಾಡಿ ಕೊಡಲು ಅಲ್ಲ.

ಹಳೆಯ ಟ್ರೇಡ್‌ಗಳಿಗೆ ಹೆಸರೇ ಇಲ್ಲದಿದ್ದರೆ? ಸಮಯ ನೋಡಿ ಕೆಲವನ್ನು ಗುರುತಿಸಬಹುದು. 9:20ರ ಆಪ್ಷನ್ ಮಾರಾಟ ಸ್ಟ್ರಾಡಲ್‌ನದೇ. ಗುರುತು ಸಿಗದ್ದಕ್ಕೆ ಊಹೆಯ ಹೆಸರು ಕೊಡಬೇಡಿ, ‘ಗೊತ್ತಿಲ್ಲ’ ಎಂದೇ ಬರೆಯಿರಿ. ಊಹಿಸುವಾಗ ಕೈ ತಾನಾಗಿಯೇ ಲಾಭದ ಟ್ರೇಡನ್ನು ಮೆಚ್ಚಿನ ಸ್ಟ್ರಾಟಜಿಗೆ ಹಾಕುತ್ತದೆ.

ಹಂತ 2: ಬ್ರೋಕರ್‌ನ ಲಾಭ-ನಷ್ಟ ಬಿಡಿ, ದಿನದ ಲೆಕ್ಕ ನೀವೇ ಕಟ್ಟಿ

ಹೆಚ್ಚಿನವರು ಎಡವುವುದು ಇಲ್ಲೇ. ಟ್ರೆಂಡ್ ಮತ್ತು ಬ್ರೇಕ್‌ಔಟ್ ಎರಡೂ ಒಂದೇ ನಿಫ್ಟಿ ಫ್ಯೂಚರ್ಸ್‌ನಲ್ಲಿ ಇವೆ. ಬ್ರೋಕರ್‌ಗೆ ಅವು ಬೇರೆ ಬೇರೆ ಎಂದು ಗೊತ್ತಿಲ್ಲ. ಅವರು ಮೊದಲು ಕೊಂಡದ್ದನ್ನು ಮೊದಲು ಮಾರಿದ್ದಕ್ಕೆ ಜೋಡಿಸಿ ಲೆಕ್ಕ ಮುಗಿಸುತ್ತಾರೆ.

ಒಂದು ದಿನವನ್ನು ಹತ್ತಿರದಿಂದ ನೋಡಿ. ಟ್ರೆಂಡ್ 24,800ಕ್ಕೆ ಕೊಂಡ ಒಂದು ಲಾಟ್ ಇಟ್ಟುಕೊಂಡಿದೆ. ಬ್ರೇಕ್‌ಔಟ್ 25,000ಕ್ಕೆ ಒಂದು ಲಾಟ್ ಶಾರ್ಟ್ ಮಾಡಿ 24,940ಕ್ಕೆ ಕೊಂಡು ಮುಚ್ಚಿತು. ದಿನದ ಕೊನೆಗೆ ಬೆಲೆ 24,950. ಬ್ರೋಕರ್ ವರದಿ ಹೀಗೆ ಹೇಳುತ್ತದೆ: 24,800ಕ್ಕೆ ಕೊಂಡದ್ದನ್ನು 25,000ಕ್ಕೆ ಮಾರಿದ್ದೀರಿ, ಕೈಗೆ ಬಂದ ಲಾಭ 15,000 ರೂಪಾಯಿ. ಈಗ 24,940ರ ಹೊಸ ಪೊಸಿಷನ್ ಇದೆ, ಅದರಲ್ಲಿ 750 ರೂಪಾಯಿ ಲಾಭ ಬಾಕಿ. ಒಟ್ಟು 15,750.

ನಡೆದದ್ದು ಬೇರೆ. ಬ್ರೇಕ್‌ಔಟ್ ಗಳಿಸಿದ್ದು 60 ಪಾಯಿಂಟ್, ಅಂದರೆ 4,500 ರೂಪಾಯಿ. ಟ್ರೆಂಡ್ ತನ್ನ 24,800ರ ಲಾಟನ್ನು ಮಾರಿಯೇ ಇಲ್ಲ, ಅದರ ಬಾಕಿ ಲಾಭ 150 ಪಾಯಿಂಟ್, 11,250 ರೂಪಾಯಿ. ಒಟ್ಟು ಅದೇ 15,750. ಮೊತ್ತ ಸರಿಯಾಗಿದೆ, ಹಂಚಿಕೆ ಪೂರ್ತಿ ತಪ್ಪಾಗಿದೆ. ಬ್ರೋಕರ್ ಪಟ್ಟಿಯ ‘ಕೈಗೆ ಬಂದ ಲಾಭ’ವನ್ನು ಆರ್ಡರ್ ನೋಡಿ ಹಂಚಿದ್ದರೆ 15,000 ಬ್ರೇಕ್‌ಔಟ್ ಹೆಸರಿಗೆ ಹೋಗುತ್ತಿತ್ತು.

ಅದಕ್ಕೇ ಪ್ರತಿ ಸ್ಟ್ರಾಟಜಿಯನ್ನೂ ಬೇರೆ ಖಾತೆ ಎಂದುಕೊಂಡು ಲೆಕ್ಕ ಹಾಕಬೇಕು. ಕೊಂಡಾಗ ಹಣ ಹೊರಗೆ, ಮಾರಿದಾಗ ಒಳಗೆ, ದಿನದ ಕೊನೆಗೆ ಕೈಯಲ್ಲಿರುವುದಕ್ಕೆ ಆ ದಿನದ ಬೆಲೆ. ಇವತ್ತಿನ ಮೊತ್ತದಿಂದ ನಿನ್ನೆಯದನ್ನು ಕಳೆದರೆ ಆ ದಿನದ ಲಾಭ-ನಷ್ಟ. ಪೈಥಾನ್ ಬಳಸುವವರಿಗೆ:

```python
# t: ಜರ್ನಲ್, close: ದಿನ × symbol ಬೆಲೆಗಳ ಪಟ್ಟಿ
t["q"] = t["qty"].where(t["side"] == "BUY", -t["qty"])
t["cash"] = -t["q"] * t["price"]

def book(d, col):
    p = d.pivot_table(index="date", columns="symbol",
                      values=col, aggfunc="sum")
    p = p.reindex(index=close.index, columns=close.columns)
    return p.fillna(0).cumsum()

pnl = {}
for s, d in t.groupby("strategy"):
    v = (book(d, "cash") + book(d, "q") * close.fillna(0)).sum(axis=1)
    pnl[s] = v.diff().fillna(v)
```

ಬೆಲೆಗೆ ಕೊನೆಯ ಟ್ರೇಡ್ ಬೆಲೆ ಹಾಕಬೇಡಿ. ಎನ್‌ಎಸ್‌ಇ ಭಾವ್‌ಕಾಪಿಯಲ್ಲಿರುವ ಸೆಟಲ್‌ಮೆಂಟ್ ಬೆಲೆ ಹಾಕಿ. ಫ್ಯೂಚರ್ಸ್‌ನ ದಿನದ ಲಾಭ-ನಷ್ಟ ನಿಮ್ಮ ಲೆಡ್ಜರ್‌ಗೆ ಬರುವುದು ಆ ಬೆಲೆಯಲ್ಲೇ. ಅದು ಕೊನೆಯ ಅರ್ಧ ಗಂಟೆಯ ಸರಾಸರಿ, ಹಾಗಾಗಿ ಕೊನೆಯ ಟ್ರೇಡ್‌ಗಿಂತ ಬೇರೆ ಇರುತ್ತದೆ.

ಇನ್ನೊಂದು ಹೊಂಡ ಎಕ್ಸ್‌ಪೈರಿ. ಆಪ್ಷನ್ ಎಕ್ಸ್‌ಪೈರಿವರೆಗೂ ಉಳಿದರೆ ಟ್ರೇಡ್‌ಬುಕ್‌ನಲ್ಲಿ ಮುಚ್ಚಿದ ಸಾಲು ಇರುವುದಿಲ್ಲ, ಏಕೆಂದರೆ ಟ್ರೇಡೇ ನಡೆದಿಲ್ಲ. ಹೆಡ್ಜ್‌ಗೆ ಕೊಂಡ ದೂರದ ಆಪ್ಷನ್ ಸೊನ್ನೆಗೆ ಹೋದಾಗ ಆ ನಷ್ಟ ಲೆಕ್ಕದಿಂದ ಮಾಯವಾಗಬಹುದು, ಇಲ್ಲವೇ ತಪ್ಪು ದಿನಕ್ಕೆ ಬೀಳಬಹುದು. ಸೆಟಲ್‌ಮೆಂಟ್ ಬೆಲೆಯಲ್ಲಿ ಮುಚ್ಚಿದ ಹಾಗೆ ಒಂದು ಸಾಲು ನೀವೇ ಸೇರಿಸಿ.

ಹಂತ 3: ಕೈ ಹಾಕಿದ್ದಕ್ಕೆ ಬೇರೆ ಚೀಲ

ಆಲ್ಗೋ ಓಡುತ್ತಿರುವಾಗ ಮಧ್ಯೆ ಕೈ ಹಾಕದವರು ಕಡಿಮೆ. ಆ ಕೈಯ ಪರಿಣಾಮ ಸ್ಟ್ರಾಟಜಿಯ ಲೆಕ್ಕದಲ್ಲಿ ಸೇರಬಾರದು. ಸ್ಟ್ರಾಡಲ್‌ನ್ನು 11 ಗಂಟೆಗೆ ಭಯಕ್ಕೆ ಮುಚ್ಚಿದಿರಿ, ನಷ್ಟ 1,800. ಬಿಟ್ಟಿದ್ದರೆ ಸ್ಟಾಪ್‌ಲಾಸ್ ಮುಟ್ಟದೆ 3:15ಕ್ಕೆ 600 ಲಾಭದಲ್ಲಿ ಮುಗಿಯುತ್ತಿತ್ತು ಎಂದುಕೊಳ್ಳಿ. ಆಗ ಸ್ಟ್ರಾಡಲ್‌ಗೆ +600, ‘ಕೈ’ ಎಂಬ ಚೀಲಕ್ಕೆ −2,400. ಎರಡನ್ನೂ ಕೂಡಿದರೆ ನಿಜವಾದ −1,800 ಬರುತ್ತದೆ.

ಆ 600 ಅಂದಾಜು ತಾನೇ ಎನ್ನಬಹುದು. ಹೌದು, ಅಂದಾಜೇ. ಅದಕ್ಕೆ 3:15ರ ಒಂದು ನಿಮಿಷದ ಬೆಲೆ ಹಾಕಿ, ಮಾಮೂಲಿ ಸ್ಲಿಪೇಜ್ ಕಳೆಯಿರಿ. ಕೈ ಹಾಕಿದ ದಿನವೇ ಇದನ್ನು ಬರೆದುಬಿಡಿ. ಎಕ್ಸ್‌ಪೈರ್ ಆದ ಆಪ್ಷನ್‌ಗಳ ನಿಮಿಷದ ಬೆಲೆ ಆಮೇಲೆ ಹುಡುಕುವುದು ಕಷ್ಟ.

ಹಂತ 4: ಚಾರ್ಜುಗಳನ್ನು ಹುಟ್ಟಿದ ಕಡೆಗೇ ಹಾಕಿ

ತಿಂಗಳ ಚಾರ್ಜನ್ನು ಮೂರರಿಂದ ಭಾಗಿಸಿ ಹಂಚುವುದನ್ನು ಬಹಳ ಕಡೆ ನೋಡುತ್ತೇವೆ. ಅದು ಜಾಸ್ತಿ ಟ್ರೇಡ್ ಮಾಡುವ ಸ್ಟ್ರಾಟಜಿಗೆ ಕೊಟ್ಟ ಸಬ್ಸಿಡಿ ಅಲ್ವಾ? ಹಾಗಾಗಿ ಒಂದು ಸುತ್ತಿಗೆ, ಅಂದರೆ ಕೊಂಡು ಮಾರುವುದಕ್ಕೆ, ಎಷ್ಟು ಬೀಳುತ್ತದೆ ಎಂದು ಬಿಡಿಬಿಡಿಯಾಗಿ ನೋಡಿ.

ನಿಫ್ಟಿ ಫ್ಯೂಚರ್ಸ್ 25,000ದಲ್ಲಿ ಒಂದು ಲಾಟ್ ಅಂದರೆ 18,75,000 ರೂಪಾಯಿಯ ವ್ಯವಹಾರ. ಮಾರಾಟದ ಮೇಲೆ ಎಸ್‌ಟಿಟಿ 0.02%, ಅಂದರೆ 375. ಎರಡೂ ಕಡೆ ಸೇರಿ ಎಕ್ಸ್‌ಚೇಂಜ್ ಶುಲ್ಕ 65. ಕೊಂಡದ್ದರ ಮೇಲೆ ಸ್ಟಾಂಪ್ ಡ್ಯೂಟಿ 37.50. ಆರ್ಡರ್‌ಗೆ 20ರಂತೆ ಬ್ರೋಕರೇಜ್ 40. ಸೆಬಿ ಶುಲ್ಕ ನಾಲ್ಕು ರೂಪಾಯಿಯ ಹತ್ತಿರ. ಇದರಲ್ಲಿ ಬ್ರೋಕರೇಜ್, ಎಕ್ಸ್‌ಚೇಂಜ್ ಮತ್ತು ಸೆಬಿ ಶುಲ್ಕಗಳ ಮೇಲೆ 18% ಜಿಎಸ್‌ಟಿ, ಸುಮಾರು 20. ಒಟ್ಟು 541 ರೂಪಾಯಿ. 75ರಿಂದ ಭಾಗಿಸಿದರೆ 7.2 ಪಾಯಿಂಟ್. ಬ್ರೇಕ್‌ಔಟ್ ಪ್ರತಿ ಸಲ ಮಾರುಕಟ್ಟೆಗೆ ಇಳಿಯುವುದು 7.2 ಪಾಯಿಂಟ್ ಹಿಂದಿನಿಂದ.

ಸ್ಟ್ರಾಡಲ್‌ನಲ್ಲಿ ಎರಡೂ ಆಪ್ಷನ್ 100 ರೂಪಾಯಿಗೆ ಮಾರಿದರೆ ಪ್ರೀಮಿಯಂ 15,000. ಅದರ ಮೇಲೆ ಎಸ್‌ಟಿಟಿ 0.1%, ಅಂದರೆ 15. ಎಕ್ಸ್‌ಚೇಂಜ್ ಶುಲ್ಕ ಸುಮಾರು 10. ನಾಲ್ಕು ಆರ್ಡರ್‌ಗೆ ಬ್ರೋಕರೇಜ್ 80, ಜಿಎಸ್‌ಟಿ 16. ಒಟ್ಟು 122ರ ಹತ್ತಿರ. ಗಮನಿಸಿ, ಫ್ಯೂಚರ್ಸ್‌ನಲ್ಲಿ ತಿನ್ನುವುದು ತೆರಿಗೆ, ಇಲ್ಲಿ ತಿನ್ನುವುದು ಬ್ರೋಕರೇಜ್. ಒಂದರ ಬದಲು ಐದು ಲಾಟ್ ಮಾರಿದರೂ ಆರ್ಡರ್ ನಾಲ್ಕೇ ಆಗಿದ್ದರೆ ಸ್ಟ್ರಾಡಲ್‌ನ ವೆಚ್ಚ ಲಾಟ್ ಲೆಕ್ಕದಲ್ಲಿ ಇಳಿಯುತ್ತದೆ. ಬ್ರೇಕ್‌ಔಟ್‌ನದು ಹೆಚ್ಚು ಇಳಿಯುವುದಿಲ್ಲ.

ಈ ದರಗಳು ಬಜೆಟ್ ಬಂದಾಗ, ಎಕ್ಸ್‌ಚೇಂಜ್ ಸುತ್ತೋಲೆ ಬಂದಾಗ ಬದಲಾಗುತ್ತವೆ. ಎಸ್‌ಟಿಟಿಯ ಈ ದರಗಳು ಜಾರಿಗೆ ಬಂದಿದ್ದೇ 2024ರ ಅಕ್ಟೋಬರ್ 1ರಿಂದ. ನಿಮ್ಮ ಅವಧಿಯ ದರವನ್ನು ಕಾಂಟ್ರಾಕ್ಟ್ ನೋಟ್ ನೋಡಿಯೇ ಹಾಕಿ.

ಈಗ ಮೂರರ ಲೆಕ್ಕ:

| ಸ್ಟ್ರಾಟಜಿ | ಸುತ್ತುಗಳು | ಚಾರ್ಜಿಗೆ ಮೊದಲು (ರೂ.) | ಚಾರ್ಜು (ರೂ.) | ಉಳಿದದ್ದು (ರೂ.) |
|---|---|---|---|---|
| ಟ್ರೆಂಡ್ | 22 | 1,12,500 | 11,902 | 1,00,598 |
| ಸ್ಟ್ರಾಡಲ್ | 180 | 62,100 | 21,960 | 40,140 |
| ಬ್ರೇಕ್‌ಔಟ್ | 130 | 1,05,000 | 70,330 | 34,670 |

ಟ್ರೆಂಡ್‌ನ 22 ಸುತ್ತಿನಲ್ಲಿ 8 ರೋಲ್‌ಓವರ್‌ಗಳೂ ಸೇರಿವೆ. ತಿಂಗಳ ಕಾಂಟ್ರಾಕ್ಟ್ ಮಾರಿ ಮುಂದಿನದನ್ನು ಕೊಳ್ಳುವುದೂ ಖರ್ಚೇ. ಬ್ರೇಕ್‌ಔಟ್ ಗಳಿಸಿದ್ದರಲ್ಲಿ ಮೂರನೇ ಎರಡು ಭಾಗ ಚಾರ್ಜಿಗೇ ಹೋಗಿದೆ.

ಸ್ಲಿಪೇಜ್ ಈ ಪಟ್ಟಿಯಲ್ಲಿ ಬೇರೆಯಾಗಿ ಕಾಣುವುದಿಲ್ಲ, ನಿಜವಾಗಿ ಸಿಕ್ಕ ಬೆಲೆಯಲ್ಲೇ ಅಡಗಿದೆ. ಅದನ್ನು ಹೊರತೆಗೆಯಲಿಕ್ಕೇ `signal_price` ಕಾಲಂ ಇಟ್ಟಿದ್ದು. ಬ್ರೇಕ್‌ಔಟ್‌ನಲ್ಲಿ ಸಿಗ್ನಲ್ ಬೆಲೆಗೂ ಸಿಕ್ಕ ಬೆಲೆಗೂ ಸುತ್ತಿಗೆ 4 ಪಾಯಿಂಟ್ ವ್ಯತ್ಯಾಸ ಬಂದರೆ 130 ಸುತ್ತಿಗೆ 39,000 ರೂಪಾಯಿ. ಉಳಿದ ಲಾಭಕ್ಕಿಂತ ಅದೇ ಜಾಸ್ತಿ! ರೇಂಜ್ ಒಡೆದ ಕ್ಷಣದಲ್ಲಿ ಎಲ್ಲರೂ ಒಂದೇ ಕಡೆ ನುಗ್ಗುವುದರಿಂದ ಈ ಜಾತಿಯ ಸ್ಟ್ರಾಟಜಿಗೆ ಸ್ಲಿಪೇಜ್ ಹುಟ್ಟಿನಿಂದಲೇ ಬಂದದ್ದು.

ಹಂತ 5: ಲೆಡ್ಜರ್‌ಗೆ ತಾಳೆ ಹಾಕಿ

ಮೂರರ ಮೊತ್ತ 1,75,408. ಹಣ ಹಾಕಿದ್ದು, ತೆಗೆದದ್ದು ಬಿಟ್ಟು ಲೆಡ್ಜರ್‌ನಲ್ಲಿ ಏರಿದ್ದು 1,69,108 ಎಂದಿರಲಿ. 6,300ರ ವ್ಯತ್ಯಾಸಕ್ಕೆ ವಿವರ ಬೇಕು. ತಿಂಗಳಿಗೆ 500ರಂತೆ ಎಪಿಐ ಶುಲ್ಕ 4,500. ಕೈ ಚೀಲದಲ್ಲಿ ಒಂದು ದಿನದ −2,400, ಇನ್ನೊಂದು ದಿನದ +600, ಒಟ್ಟು −1,800. ಅಲ್ಲಿಗೆ ಸರಿ ಹೋಯಿತು.

ಈ ತಾಳೆಯನ್ನು ಆಪ್ಷನ್ ಪೊಸಿಷನ್ ಏನೂ ಉಳಿಯದ ದಿನ ಮಾಡಿ. ಫ್ಯೂಚರ್ಸ್ ಉಳಿದಿದ್ದರೂ ತೊಂದರೆ ಇಲ್ಲ, ಅದು ದಿನವೂ ಸೆಟಲ್ ಆಗಿರುತ್ತದೆ. ವಿವರ ಸಿಗದ ವ್ಯತ್ಯಾಸ ಲಾಟ್‌ಗಾತ್ರದ ಗುಣಕದಲ್ಲಿದ್ದರೆ ಟ್ರೇಡ್ ಒಂದು ಕಾಣೆಯಾಗಿರಬಹುದು. ದಿನವೂ ಸ್ವಲ್ಪ ಸ್ವಲ್ಪ ಬೆಳೆಯುತ್ತಿದ್ದರೆ ಚಾರ್ಜಿನ ದರ ತಪ್ಪಾಗಿದೆ. ಒಂದೇ ದಿನ ಹಾರಿದ್ದರೆ ಎಕ್ಸ್‌ಪೈರಿ ನೋಡಿ. ತಾಳೆ ಆಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 6: ಮಾರುಕಟ್ಟೆ ಕೊಟ್ಟದ್ದನ್ನು ಕಳೆಯಿರಿ

ಇಲ್ಲಿಯವರೆಗೆ ಟ್ರೆಂಡ್ ರಾಜ. ಆದರೆ ಆ ಒಂಬತ್ತು ತಿಂಗಳಲ್ಲಿ ನಿಫ್ಟಿಯೇ 23,500ರ ಆಸುಪಾಸಿನಿಂದ 26,100ರ ಆಸುಪಾಸಿಗೆ ಏರಿತ್ತು. ಫ್ಯೂಚರ್ಸ್ ಕೊಂಡು ಸುಮ್ನೆ ಕೂತಿದ್ದವರಿಗೂ ಲಾಭ ಬಂದಿದೆ. ಟ್ರೆಂಡ್‌ನ ಒಂದು ಲಕ್ಷದಲ್ಲಿ ಅದರ ಬುದ್ಧಿ ಎಷ್ಟು, ಏರಿದ ನೀರಿನ ಪಾಲು ಎಷ್ಟು?

ಹೋಲಿಕೆಯನ್ನು ಸ್ಪಾಟ್ ನಿಫ್ಟಿ ಜೊತೆ ಮಾಡಬೇಡಿ. ಫ್ಯೂಚರ್ಸ್ ಸಾಮಾನ್ಯವಾಗಿ ಸ್ಪಾಟ್‌ಗಿಂತ ಮೇಲಿರುತ್ತದೆ, ಎಕ್ಸ್‌ಪೈರಿಗೆ ಹೋಗುತ್ತಾ ಆ ಅಂತರ ಕರಗುತ್ತದೆ. ಕೊಂಡವರು ಪ್ರತಿ ತಿಂಗಳೂ ಆ ಅಂತರವನ್ನು ಕಳೆದುಕೊಳ್ಳುತ್ತಾರೆ. ಹಾಗಾಗಿ ತಿಂಗಳು ತಿಂಗಳು ರೋಲ್ ಮಾಡಿದ ಫ್ಯೂಚರ್ಸ್‌ನ ದಿನದ ಏರಿಳಿತವನ್ನು ಒಂದು ಕಾಲಂನಲ್ಲಿ ಇಡಿ. ರೋಲ್ ದಿನ ಹಳೆಯ ಕಾಂಟ್ರಾಕ್ಟ್‌ನ ಬದಲಾವಣೆ ತೆಗೆದುಕೊಂಡು, ಮರುದಿನದಿಂದ ಹೊಸದರ ಬದಲಾವಣೆ ತೆಗೆದುಕೊಳ್ಳಿ. ಎರಡು ಕಾಂಟ್ರಾಕ್ಟ್‌ಗಳ ಬೆಲೆಯ ಅಂತರ ಲಾಭವಾಗಿ ಒಳಗೆ ನುಸುಳಬಾರದು. ಮಾದರಿಯಲ್ಲಿ ಅದು ಒಟ್ಟು 1,700 ಪಾಯಿಂಟ್ ಎಂದಿರಲಿ.

ಈಗ ಸ್ಪ್ರೆಡ್‌ಶೀಟ್‌ನ `B` ಕಾಲಂನಲ್ಲಿ ಟ್ರೆಂಡ್‌ನ ದಿನದ ಲಾಭ-ನಷ್ಟ, `C` ಕಾಲಂನಲ್ಲಿ ಫ್ಯೂಚರ್ಸ್ ಪಾಯಿಂಟ್, 185 ದಿನಕ್ಕೆ:

```
=SLOPE(B2:B186, C2:C186)
```

ಉತ್ತರ 52 ಬಂತು ಎನ್ನೋಣ. ನಿಫ್ಟಿ ಒಂದು ಪಾಯಿಂಟ್ ಏರಿದರೆ ಟ್ರೆಂಡ್‌ಗೆ ಸರಾಸರಿ 52 ರೂಪಾಯಿ. ಪೂರ್ತಿ ಲಾಟ್‌ಗೆ 75 ಆಗಬೇಕಿತ್ತು, ಇದು ಸುಮಾರು ಶೇಕಡ 70ರಷ್ಟು ದಿನ ಮಾರುಕಟ್ಟೆಯಲ್ಲಿತ್ತು. ಮಾರುಕಟ್ಟೆಯ ಪಾಲು 52 × 1,700, ಅಂದರೆ 88,400. ಉಳಿದದ್ದು 12,198. ಯಾವಾಗ ಒಳಗೆ ಬರಬೇಕು, ಯಾವಾಗ ಹೊರಗೆ ಹೋಗಬೇಕು ಎಂಬ ಆ ಇಡೀ ಪ್ರೋಗ್ರಾಂ ತಂದದ್ದು ಇಷ್ಟು.

ಅದು ಕೂಡ ಗಟ್ಟಿ ಅಂಕಿಯೇ? ದಿನದ ಲಾಭದಿಂದ `52*C` ಕಳೆದು `E` ಕಾಲಂ ಮಾಡಿ:

```
=STDEV(E2:E186)*SQRT(COUNT(E2:E186))
```

ಇದು ಬರೀ ಅದೃಷ್ಟದಿಂದ ಮೊತ್ತ ಎಷ್ಟು ಆಚೀಚೆ ಹೋಗಬಹುದು ಎಂಬುದರ ಅಳತೆ. ಇಲ್ಲಿ ದಿನದ ಏರಿಳಿತ 5,150ರಷ್ಟಿದ್ದರೆ ಉತ್ತರ 70,000. ಅಂದರೆ 12,198 ಎಂಬುದು 70,000ದ ಗದ್ದಲದ ಒಳಗಿದೆ. ಅದು ಸೊನ್ನೆಯೂ ಆಗಿರಬಹುದು. ಟ್ರೆಂಡ್ ಕೆಟ್ಟದ್ದು ಎಂದು ಇದರಿಂದ ಸಾಬೀತಾಗುವುದಿಲ್ಲ. ಅದು ಒಳ್ಳೆಯದು ಎಂಬುದಕ್ಕೆ ಒಂಬತ್ತು ತಿಂಗಳ ಜರ್ನಲ್‌ನಲ್ಲಿ ಪುರಾವೆ ಇಲ್ಲ ಅಷ್ಟೇ. ಮಾರುಕಟ್ಟೆ ದೀರ್ಘವಾಗಿ ಬಿದ್ದ ಅವಧಿಯೊಂದು ಜರ್ನಲ್‌ನಲ್ಲಿ ಬರುವ ತನಕ ಇಂಥ ಸ್ಟ್ರಾಟಜಿಯ ನಿಜವಾದ ಕೆಲಸ ಕಾಣುವುದೂ ಇಲ್ಲ.

ಹಂತ 7: ಸ್ಟ್ರಾಡಲ್‌ಗೆ ಬೇರೆ ಕನ್ನಡಿ

ಇದೇ `SLOPE` ಸ್ಟ್ರಾಡಲ್‌ಗೆ ಹಾಕಿದರೆ ಸೊನ್ನೆಯ ಹತ್ತಿರ ಬರುತ್ತದೆ. ಮಾರುಕಟ್ಟೆಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಖುಷಿಪಡಬೇಡಿ. ಸ್ಟ್ರಾಡಲ್ ಮಾರಿದವರಿಗೆ ದಿಕ್ಕು ಮುಖ್ಯವಲ್ಲ, ಚಲನೆಯ ಗಾತ್ರ ಮುಖ್ಯ. ಆದ್ದರಿಂದ 9:20ರಿಂದ 3:15ರವರೆಗೆ ನಿಫ್ಟಿ ಎಷ್ಟು ಸರಿಯಿತು ಎಂದು ನೋಡಿ, ದಿಕ್ಕು ಬಿಟ್ಟು, ದಿನಗಳನ್ನು ಮೂರು ಗುಂಪು ಮಾಡಿ. ಬ್ರೇಕ್‌ಔಟ್‌ನ ಅಂಕಿಗಳನ್ನೂ ಪಕ್ಕದಲ್ಲಿ ಇಡಿ.

| ದಿನದ ಚಲನೆ | ದಿನಗಳು | ಸ್ಟ್ರಾಡಲ್ (ರೂ.) | ಬ್ರೇಕ್‌ಔಟ್ (ರೂ.) |
|---|---|---|---|
| 75 ಪಾಯಿಂಟ್ ಒಳಗೆ | 85 | +98,000 | −58,000 |
| 75ರಿಂದ 150 | 60 | +4,000 | +9,000 |
| 150ಕ್ಕಿಂತ ಜಾಸ್ತಿ | 35 | −61,860 | +83,670 |

ಸ್ಟ್ರಾಡಲ್‌ನ 40,140 ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತು. ಶಾಂತ ದಿನಗಳು ಜಾಸ್ತಿ ಇದ್ದವು. ದೊಡ್ಡ ಚಲನೆಯ ದಿನಗಳು 35ರ ಬದಲು 55 ಆಗಿದ್ದರೆ, ಅಷ್ಟೇ ದಿನ ಶಾಂತ ಗುಂಪಿನಿಂದ ಕಡಿಮೆಯಾಗಿದ್ದರೆ, ಈ ಲಾಭ ನಷ್ಟವಾಗುತ್ತಿತ್ತು: ಶಾಂತ ದಿನಕ್ಕೆ ಸರಾಸರಿ 1,150 ಹೋಗಿ, ದೊಡ್ಡ ದಿನಕ್ಕೆ 1,770 ಕಳೆದುಹೋಗುತ್ತದೆ. 2025ರ ಏಪ್ರಿಲ್ 7ರಂದು ನಿಫ್ಟಿ ಒಂದೇ ದಿನದಲ್ಲಿ ಶೇಕಡ 3ಕ್ಕಿಂತ ಹೆಚ್ಚು ಬಿತ್ತು. ಅಂಥ ದಿನಗಳ ಎಣಿಕೆ ನಿಮ್ಮ ಅವಧಿಯಲ್ಲಿ ಎಷ್ಟಿತ್ತು ಎಂದು ಬರೆಯದೆ ಸ್ಟ್ರಾಡಲ್‌ನ ಸರಾಸರಿ ಹೇಳಿದರೆ ಅದಕ್ಕೆ ಅರ್ಥವಿಲ್ಲ.

ಹಂತ 8: ಒಂದೊಂದನ್ನೇ ತೆಗೆದು ನೋಡಿ

ಮೂರರ ದಿನದ ಅಂಕಿಗಳನ್ನು ಕೂಡಿ ಖಾತೆಯ ರೇಖೆ ಮಾಡಿ. ಒಂದು ಎತ್ತರ ಮುಟ್ಟಿದ ಮೇಲೆ ಅಲ್ಲಿಂದ ಕೆಳಗೆ ಹೆಚ್ಚೆಂದರೆ ಎಷ್ಟು ಬಿತ್ತು ಎಂದು ಅಳೆಯಿರಿ. ಆಮೇಲೆ ಒಂದೊಂದನ್ನೇ ತೆಗೆದು ಮತ್ತೆ ಅಳೆಯಿರಿ. ಮಾದರಿಯಲ್ಲಿ ಮೂರೂ ಇದ್ದಾಗ ಕುಸಿತ 74,000. ಟ್ರೆಂಡ್ ತೆಗೆದರೆ 38,000. ಸ್ಟ್ರಾಡಲ್ ತೆಗೆದರೆ 69,000. ಬ್ರೇಕ್‌ಔಟ್ ತೆಗೆದರೆ 97,000.

ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಉಳಿಸಿದ ಬ್ರೇಕ್‌ಔಟ್‌ನ್ನು ನಿಲ್ಲಿಸಿದರೆ ಖಾತೆಯ ಕುಸಿತ 23,000 ಹೆಚ್ಚುತ್ತದೆ. ಸ್ಟ್ರಾಡಲ್ ಸೋಲುವ ದಿನವೇ ಅದು ಗೆಲ್ಲುತ್ತದೆ, ಮೇಲಿನ ಪಟ್ಟಿಯ ಕೊನೆಯ ಸಾಲು ಹೇಳುವುದು ಅದನ್ನೇ. ಹಾಗಾಗಿ ಈ ಎರಡನ್ನು ಜೋಡಿಯಾಗಿ ನೋಡಬೇಕು. ಒಂದನ್ನು ಮುಚ್ಚಿ ಇನ್ನೊಂದನ್ನು ಎರಡು ಲಾಟ್ ಮಾಡುವುದು ಅಪಾಯ. ಟ್ರೆಂಡ್‌ನ ಕಥೆ ಬೇರೆ: ಖಾತೆಯ ಅರ್ಧದಷ್ಟು ಕುಸಿತ ಅದರದು, ಅದು ತಂದ ಲಾಭದ ಬಹುಪಾಲನ್ನು ಇಂಡೆಕ್ಸ್ ಇಟಿಎಫ್ ಕೊಂಡಿಟ್ಟರೂ ಪಡೆಯಬಹುದಿತ್ತು.

ಈ ಜರ್ನಲ್ ನನ್ನ ಮುಂದಿದ್ದರೆ ಟ್ರೆಂಡ್‌ನ್ನು ಈಗಿರುವ ಒಂದೇ ಲಾಟ್‌ನಲ್ಲಿ ಬಿಟ್ಟು, ಲಾಟ್ ಏರಿಸುವ ಯೋಚನೆ ಕೈಬಿಡುತ್ತೇನೆ. ಶ್ರಮವನ್ನೆಲ್ಲ ಬ್ರೇಕ್‌ಔಟ್‌ನ ಚಾರ್ಜು ಮತ್ತು ಸ್ಲಿಪೇಜ್ ಮೇಲೆ ಹಾಕುತ್ತೇನೆ. ಯಾಕೆಂದರೆ ಕೌಶಲದ ಅಂಕಿ ಗದ್ದಲದಲ್ಲಿದೆ, ಖರ್ಚಿನ ಅಂಕಿ ಖಚಿತವಾಗಿದೆ. 130 ಸುತ್ತಿನಲ್ಲಿ 30 ಕಡಿಮೆಯಾದರೂ 16,000ಕ್ಕಿಂತ ಹೆಚ್ಚು ಉಳಿಯುತ್ತದೆ. ಯಾವ 30 ಎಂದು ಆರಿಸುವಾಗ ಮಾತ್ರ ಹುಷಾರು. ಸೋತ ಟ್ರೇಡ್‌ಗಳನ್ನು ನೋಡಿ ಅವುಗಳಿಗೆ ಹೊಂದುವ ನಿಯಮ ಕಟ್ಟಿದರೆ ಜರ್ನಲ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಮುಂದಿನ ತಿಂಗಳು ಕೈಕೊಡುತ್ತದೆ. ಟ್ರೇಡ್‌ಗೆ ಮೊದಲೇ ಗೊತ್ತಿರುವ ಕಾರಣ ಬೇಕು. ಬೆಳಗಿನ ರೇಂಜ್ ಎಷ್ಟು ಅಗಲವಿತ್ತು ಎಂಬುದು ಅಂಥದ್ದು: ರೇಂಜ್ 25 ಪಾಯಿಂಟ್ ಇದ್ದರೆ 7.2 ಪಾಯಿಂಟ್ ಚಾರ್ಜು ಮತ್ತು 4 ಪಾಯಿಂಟ್ ಸ್ಲಿಪೇಜ್ ಸೇರಿ ಅದರ ಅರ್ಧದ ಹತ್ತಿರ ತಿಂದುಬಿಡುತ್ತವೆ. ಹೊಸ ನಿಯಮದ ಟ್ರೇಡ್‌ಗಳಿಗೆ ಜರ್ನಲ್‌ನ `strategy` ಕಾಲಂನಲ್ಲಿ ಹೊಸ ಹೆಸರು ಕೊಡಿ. ಹಳೆಯದರ ಲೆಕ್ಕ ಅಲ್ಲಿಗೆ ನಿಲ್ಲಲಿ, ಹೊಸದರದ್ದು ಸೊನ್ನೆಯಿಂದ ಶುರುವಾಗಲಿ.